ಅರ್ಧ ಮುದ್ದೆಗೇ ಹೊಟ್ಟೆ ತುಂಬಿದಾಗ

2025ರ ಮಾರ್ಚ್‌ನಲ್ಲಿ ಮೌಂಜಾರೊ ಭಾರತದ ಮಾರುಕಟ್ಟೆಗೆ ಬಂತು. ಅದೇ ವರ್ಷದ ಜೂನ್‌ನಲ್ಲಿ ವೆಗೋವಿ ಬಂತು. ಮೊದಲನೆಯದರಲ್ಲಿರುವುದು ಟಿರ್ಜೆಪಟೈಡ್, ಎರಡನೆಯದರಲ್ಲಿ ಸೆಮಾಗ್ಲುಟೈಡ್. ಎರಡನ್ನೂ ವಾರಕ್ಕೊಮ್ಮೆ ಹೊಟ್ಟೆಯ ಅಥವಾ ತೊಡೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ, ತೂಕ ಇಳಿಸುವುದಕ್ಕೆ ಇವನ್ನು ತೆಗೆದುಕೊಳ್ಳುವವರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ಚುಚ್ಚಿಕೊಳ್ಳುವುದು ಹೇಗೆ, ಪೆನ್ನನ್ನು ಫ್ರಿಜ್‌ನಲ್ಲಿ ಎಲ್ಲಿಡಬೇಕು ಎನ್ನುವುದನ್ನು ಎಲ್ಲರಿಗೂ ಹೇಳಿಕೊಡುತ್ತಾರೆ. ಆದರೆ ಚುಚ್ಚಿಕೊಂಡ ಮಾರನೆಯ ದಿನ ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕು, ಅದನ್ನು ಎಷ್ಟು ಹೊತ್ತಿನಲ್ಲಿ ತಿನ್ನಬೇಕು, ನೀರನ್ನು ಯಾವಾಗ ಕುಡಿಯಬೇಕು ಎನ್ನುವುದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ಹೊಟ್ಟೆ ತೊಳಸು ಶುರುವಾಗುವುದು ಬಹುಪಾಲು ಅಲ್ಲಿಂದಲೇ.

ಹೊಟ್ಟೆ ತೊಳಸುವುದು ಈ ಔಷಧಗಳಲ್ಲಿ ಅಪರೂಪದ ಅಡ್ಡಪರಿಣಾಮವಲ್ಲ. 2021ರಲ್ಲಿ ಪ್ರಕಟವಾದ, 1,961 ಜನರಿದ್ದ ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಔಷಧ ಪಡೆದ ನೂರರಲ್ಲಿ 44 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ವಾಕರಿಕೆ ಬಂದಿತ್ತು. ಬರೀ ಹುಸಿ ಚುಚ್ಚುಮದ್ದು ಪಡೆದವರಲ್ಲೂ 17 ಮಂದಿಗೆ ಬಂದಿತ್ತು ಎನ್ನುವುದನ್ನೂ ಮರೆಯಬಾರದು. ಮರುವರ್ಷ ಪ್ರಕಟವಾದ ಟಿರ್ಜೆಪಟೈಡ್ ಪ್ರಯೋಗದಲ್ಲಿ ಡೋಸ್‌ಗೆ ತಕ್ಕಂತೆ ನೂರರಲ್ಲಿ 25ರಿಂದ 33 ಮಂದಿ ವಾಕರಿಕೆ ಅನುಭವಿಸಿದ್ದರು. ಹೆಚ್ಚಿನವರಲ್ಲಿ ಅದು ತೀವ್ರವಾಗಿರಲಿಲ್ಲ. ಡೋಸ್ ಏರಿಸುವ ವಾರಗಳಲ್ಲಿ ಕಾಣಿಸಿಕೊಂಡು ಆಮೇಲೆ ತಗ್ಗಿತು.

ಇದೇಕೆ ಬರುತ್ತದೆ ಎಂದು ತಿಳಿದರೆ ಏನು ಮಾಡಬೇಕೆನ್ನುವುದು ತಾನಾಗಿಯೇ ತಿಳಿಯುತ್ತದೆ. ನಾವು ಉಂಡಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ‘ಊಟ ಬಂತು, ಇನ್ಸುಲಿನ್ ಸಿದ್ಧವಾಗಲಿ, ಜಠರ ನಿಧಾನವಾಗಿ ಖಾಲಿಯಾಗಲಿ, ಹಸಿವು ಇಳಿಯಲಿ’ ಎನ್ನುವ ಸಂದೇಶ ಅದು. ದೇಹದ ಸ್ವಂತ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಚುಚ್ಚುಮದ್ದಿನಲ್ಲಿರುವ ಅದರ ತದ್ರೂಪು ಹಾಗಲ್ಲ. ಸೆಮಾಗ್ಲುಟೈಡ್‌ನ ಅರ್ಧ ಭಾಗ ದೇಹದಿಂದ ಹೋಗುವುದಕ್ಕೆ ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡ್‌ಗೆ ಸುಮಾರು ಐದು ದಿನ. ಹೀಗಾಗಿ ಉಣ್ಣದೆ ಇದ್ದಾಗಲೂ, ರಾತ್ರಿ ಮಲಗಿದಾಗಲೂ ಆ ಸಂದೇಶ ಹೋಗುತ್ತಲೇ ಇರುತ್ತದೆ.

ಇದರಿಂದ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಜಠರ ತನ್ನಲ್ಲಿರುವ ಆಹಾರವನ್ನು ಕರುಳಿಗೆ ಬಿಡುವುದು ನಿಧಾನವಾಗುತ್ತದೆ. ಮಧ್ಯಾಹ್ನದ ಊಟದ ಒಂದು ಪಾಲು ಸಂಜೆ ಕಾಫಿಯ ಹೊತ್ತಿಗೂ ಅಲ್ಲೇ ಇರಬಹುದು. ಇನ್ನೊಂದು ಮಿದುಳಿನ ಬುಡದಲ್ಲಿ ನಡೆಯುತ್ತದೆ. ಅಲ್ಲಿ ರಕ್ತದಲ್ಲಿ ಬಂದದ್ದನ್ನು ನೇರವಾಗಿ ಗ್ರಹಿಸುವ ಒಂದು ಚಿಕ್ಕ ಜಾಗವಿದೆ. ವಿಷವೇನಾದರೂ ಹೊಟ್ಟೆ ಸೇರಿದರೆ ವಾಂತಿ ಮಾಡಿಸುವುದು ಅದರ ಕೆಲಸ. ಈ ಔಷಧಗಳು ಆ ಜಾಗವನ್ನೂ ಮುಟ್ಟುತ್ತವೆ. ಆದ್ದರಿಂದ ಎಷ್ಟೇ ಎಚ್ಚರದಿಂದ ಉಂಡರೂ ಕೆಲವರಿಗೆ ಸ್ವಲ್ಪ ತೊಳಸು ಉಳಿದೇ ಉಳಿಯುತ್ತದೆ. ಅದು ಅವರ ತಪ್ಪಲ್ಲ. ನಮ್ಮ ಕೈಯಲ್ಲಿರುವುದು ಮೊದಲನೆಯದು: ನಿಧಾನವಾಗಿರುವ ಜಠರಕ್ಕೆ ಹೊರೆ ಹಾಕದಿರುವುದು.

ಸಮಾಧಾನದ ಸಂಗತಿಯೊಂದಿದೆ. ಟಿರ್ಜೆಪಟೈಡ್‌ನಲ್ಲಿ ಜಠರ ಅತಿ ಹೆಚ್ಚು ನಿಧಾನವಾಗುವುದು ಮೊದಲ ಡೋಸ್‌ನ ನಂತರ. ವಾರಗಳು ಕಳೆದಂತೆ ದೇಹ ಒಗ್ಗಿಕೊಂಡು ಆ ಪರಿಣಾಮ ಇಳಿಯುತ್ತದೆ. ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಇದಕ್ಕಾಗಿಯೇ. ಟಿರ್ಜೆಪಟೈಡ್ 2.5 ಮಿಲಿಗ್ರಾಂನಿಂದ ಶುರುವಾಗಿ ಕನಿಷ್ಠ ನಾಲ್ಕು ವಾರದ ಮೇಲೆ 5ಕ್ಕೆ ಹೋಗುತ್ತದೆ. ವೆಗೋವಿ 0.25ರಿಂದ ಶುರುವಾಗಿ ತಿಂಗಳಿಗೊಂದು ಮೆಟ್ಟಿಲಿನಂತೆ ಏರುತ್ತದೆ. ‘ಬೇಗ ಇಳಿಯಲಿ’ ಎಂದು ಎರಡು ಮೆಟ್ಟಿಲು ಹಾರಿದವರು ವಾಂತಿ ಮಾಡಿಕೊಂಡು ಔಷಧವನ್ನೇ ಬಿಡುವುದು ಹೆಚ್ಚು.

ಒಂದು ವಾರವನ್ನು ಬಿಡಿಸಿ ನೋಡೋಣ

ತುಮಕೂರಿನ ಹೈಸ್ಕೂಲು ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 47, ತೂಕ 92 ಕಿಲೋ. ಐದು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಮೆಟ್‌ಫಾರ್ಮಿನ್ ಮಾತ್ರೆ, ಬಿಪಿಗೆ ಒಂದು ಮಾತ್ರೆ. ಟಿರ್ಜೆಪಟೈಡ್‌ನ ಮೊದಲ ತಿಂಗಳು ಹಸಿವು ಕಡಿಮೆಯಾದದ್ದು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಐದನೆಯ ವಾರ, ಶನಿವಾರ ರಾತ್ರಿ, ಮೊದಲ 5 ಮಿಲಿಗ್ರಾಂ ಚುಚ್ಚಿಕೊಂಡರು.

ಭಾನುವಾರ ನೆಂಟರ ಮನೆಯ ಗೃಹಪ್ರವೇಶ. ಬೆಳಿಗ್ಗೆ ಹಸಿವಿರಲಿಲ್ಲ, ಹಾಗಾಗಿ ತಿಂಡಿ ತಿನ್ನಲಿಲ್ಲ. ಮಧ್ಯಾಹ್ನ ಒಂದೂವರೆಗೆ ಎಲೆ ಮುಂದೆ ಕುಳಿತರು. ಎರಡು ಹೋಳಿಗೆ, ಮೇಲೆ ತುಪ್ಪ, ಎರಡು ಬೋಂಡ, ಪುಳಿಯೋಗರೆ, ಅನ್ನ ಸಾರು, ಕೊನೆಗೆ ಪಾಯಸ. ಹಿಂದೆ ಕೂತವರು ಎಲೆ ಖಾಲಿಯಾಗಲೆಂದು ಕಾಯುತ್ತಿದ್ದ ಪಂಕ್ತಿ ಊಟ, ಹತ್ತು ನಿಮಿಷದಲ್ಲಿ ಮುಗಿಯಿತು. ಅರ್ಧಕ್ಕೇ ಹೊಟ್ಟೆ ತುಂಬಿದಂತಾಗಿತ್ತು. ಆದರೆ ‘ಎಲೇಲಿ ಬಿಡಬಾರದಮ್ಮ, ಇಷ್ಟೇ ತಾನೆ, ತಿನ್ನು’ ಎಂದ ಅತ್ತೆಯ ಮಾತಿಗೆ ಮುಗಿಸಿದರು. ಸಂಜೆ ಚಕ್ಕುಲಿ, ಕಾಫಿ. ರಾತ್ರಿ ಒಂಬತ್ತೂಕಾಲಿಗೆ ಹೊತ್ತಾಯಿತೆಂದು ಒಂದು ಮುದ್ದೆ, ಸೊಪ್ಪಿನ ಸಾರು. ಹತ್ತು ಗಂಟೆಗೆ ಮಲಗಿದರು.

ಸೋಮವಾರ ಬೆಳಗಿನ ಜಾವ ಕೊಳೆತ ಮೊಟ್ಟೆಯ ವಾಸನೆಯ ತೇಗು. ಏಳು ಗಂಟೆಗೆ ಒಗ್ಗರಣೆಯ ಘಾಟು ಮೂಗಿಗೆ ಬಡಿದದ್ದೇ ತಡ, ವಾಂತಿ. ಅದರಲ್ಲಿ ಹಿಂದಿನ ದಿನದ ಊಟ ಗುರುತಿಗೆ ಸಿಗುವಂತೆ ಇತ್ತು. ನೀರು ಕುಡಿದರೆ ಮತ್ತೆ ಬರುತ್ತದೆಂಬ ಹೆದರಿಕೆಯಿಂದ ಇಡೀ ದಿನ ಎರಡು ಲೋಟವೂ ಕುಡಿಯಲಿಲ್ಲ. ಬಿಪಿ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರು. ಮಂಗಳವಾರ ಮೂರನೆಯ ಪೀರಿಯಡ್‌ನಲ್ಲಿ ಬೋರ್ಡಿನ ಮುಂದೆ ನಿಂತಿದ್ದಾಗ ಕಣ್ಣು ಕತ್ತಲಿಟ್ಟು ಕುರ್ಚಿ ಹಿಡಿದುಕೊಂಡರು. ಅಂದು ಮಧ್ಯಾಹ್ನದವರೆಗೆ ಮೂತ್ರ ಹೋದದ್ದು ಒಮ್ಮೆ, ಗಾಢ ಹಳದಿ ಬಣ್ಣದಲ್ಲಿ.

ಈ ಮೂರು ದಿನಗಳಲ್ಲಿ ತಪ್ಪಿದ್ದೆಲ್ಲಿ? ಟಿರ್ಜೆಪಟೈಡ್ ರಕ್ತದಲ್ಲಿ ಶಿಖರ ಮುಟ್ಟುವುದು ಚುಚ್ಚಿದ 8ರಿಂದ 72 ಗಂಟೆಗಳ ನಡುವೆ. ಅಂದರೆ ಹೆಚ್ಚಿದ ಡೋಸ್ ಏರುತ್ತಿದ್ದ ಹೊತ್ತಿಗೆ ಸರಿಯಾಗಿ ಹಬ್ಬದೂಟ ಬಂದು ಕುಳಿತಿತ್ತು. ಎಣ್ಣೆ, ತುಪ್ಪ ತಾವಾಗಿಯೇ ಜಠರವನ್ನು ನಿಧಾನ ಮಾಡುವಂಥವು. ಔಷಧದ ನಿಧಾನದ ಮೇಲೆ ಬೋಂಡ ಮತ್ತು ತುಪ್ಪದ ನಿಧಾನ ಕೂಡಿಕೊಂಡಿತು. ತಿಂಡಿ ಬಿಟ್ಟದ್ದೂ ನೆರವಾಗಲಿಲ್ಲ, ಒಂದೇ ಹೊತ್ತಿಗೆ ಹೊರೆ ಬಿತ್ತು. ರಾತ್ರಿಯ ಊಟಕ್ಕೆ ಹಸಿವೇ ಇರಲಿಲ್ಲ. ಗಡಿಯಾರ ನೋಡಿ ಉಂಡರು, ಮಧ್ಯಾಹ್ನದ್ದರ ಮೇಲೆ ಮುದ್ದೆ ಇಳಿಯಿತು, ಮುಕ್ಕಾಲು ಗಂಟೆಯಲ್ಲಿ ಮಲಗಿದ್ದರಿಂದ ಆಮ್ಲ ಅನ್ನನಾಳಕ್ಕೆ ಹತ್ತಿತು. ಆ ಕೆಟ್ಟ ವಾಸನೆಯ ತೇಗು ಊಟ ಹೊಟ್ಟೆಯಲ್ಲಿ ಬಹಳ ಹೊತ್ತು ನಿಂತಿದೆ ಎಂಬುದರ ಸೂಚನೆ. ಅದು ಬಂದ ದಿನ ಮುಂದಿನ ಹೊತ್ತಿಗೆ ಗಂಜಿಯಂಥ ತೆಳುವಾದದ್ದು ಸಾಕು.

ತಟ್ಟೆಯಲ್ಲಿ ಎಷ್ಟು

ಹೊಟ್ಟೆ ತುಂಬಿತು ಎನ್ನುವ ಅರಿವು ಮಿದುಳಿಗೆ ಪೂರ್ತಿ ತಲುಪಲು ಊಟ ಶುರುವಾಗಿ ಸುಮಾರು 20 ನಿಮಿಷ ಹಿಡಿಯುತ್ತದೆ. ಆರೋಗ್ಯವಾಗಿರುವಾಗ ಆ ಅರಿವು ಬರುವ ಮೊದಲೇ ಎರಡು ತುತ್ತು ಹೆಚ್ಚು ತಿಂದರೆ ಸ್ವಲ್ಪ ಭಾರವೆನಿಸುತ್ತದೆ ಅಷ್ಟೆ. ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ ‘ಸಾಕು’ ಎನ್ನುವುದಕ್ಕೂ ‘ವಾಂತಿ ಬರುತ್ತಿದೆ’ ಎನ್ನುವುದಕ್ಕೂ ನಡುವೆ ಇರುವುದು ನಾಲ್ಕೈದು ತುತ್ತಿನ ಅಂತರ. ಹತ್ತು ನಿಮಿಷದಲ್ಲಿ ಉಂಡು ಎದ್ದವರು ಆ ಗಡಿಯನ್ನು ತಿಳಿಯದೆಯೇ ದಾಟಿರುತ್ತಾರೆ.

ನಿಧಾನವಾಗಿ ತಿನ್ನಿ, ಚೆನ್ನಾಗಿ ಅಗಿಯಿರಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಹಳೆ ಮೈಸೂರಿನ ಕಡೆಯ ಊಟಕ್ಕೆ ಅದನ್ನು ಹಾಗೇ ಹೇಳಿದರೆ ಸಾಲದು. ಮುದ್ದೆಯನ್ನು ನಾವು ಅಗಿಯುವುದೇ ಇಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿಯೂ ಕೆಡುತ್ತದೆ. ಹಾಗಾಗಿ ಒತ್ತಾದ, ಗಟ್ಟಿಯಾದ ಒಂದು ಮುದ್ದೆ ಐದೇ ನಿಮಿಷದಲ್ಲಿ ಒಳಗಿಳಿದಿರುತ್ತದೆ, ಬಾಯಲ್ಲಿ ಆಗಬೇಕಾದ ಕೆಲಸವೆಲ್ಲ ಮೊದಲೇ ನಿಧಾನವಾಗಿರುವ ಜಠರದ ಪಾಲಿಗೆ ಬರುತ್ತದೆ. ಮುದ್ದೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ರಾಗಿ ಸಕ್ಕರೆ ಕಾಯಿಲೆಯವರ ಮನೆಯ ಧಾನ್ಯ. ಡೋಸ್ ಏರಿದ ವಾರ ಮುದ್ದೆಯ ಬದಲು ರಾಗಿ ಅಂಬಲಿ ಅಥವಾ ಅಗಿದು ತಿನ್ನಬೇಕಾದ ತೆಳು ರಾಗಿ ರೊಟ್ಟಿ ಒಳ್ಳೆಯದು. ಆಮೇಲೆ ಮುದ್ದೆಗೆ ಮರಳಿದಾಗ ಅದನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿಕೊಂಡು, ತುತ್ತುಗಳನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಮುರಿದು, ಸಾರಿನ ಬೇಳೆ ತರಕಾರಿಯನ್ನು ನಡುನಡುವೆ ಅಗಿಯುತ್ತಾ ಉಣ್ಣಬಹುದು.

ಪ್ರಮಾಣಕ್ಕೆ ಒಂದು ಸರಳ ದಾರಿಯಿದೆ. ಮೊದಲು ತಿನ್ನುತ್ತಿದ್ದುದರ ಅರ್ಧದಷ್ಟನ್ನು ಬಡಿಸಿಕೊಳ್ಳಿ, ಊಟದ ತಟ್ಟೆಯ ಬದಲು ತಿಂಡಿ ತಟ್ಟೆಯನ್ನು ಹಿಡಿಯಿರಿ. ಆ ಅರ್ಧದಲ್ಲಿ ಅರ್ಧ ಮುಗಿದಾಗ ಕೈಯನ್ನು ತಟ್ಟೆಯಿಂದ ತೆಗೆದು ಐದು ನಿಮಿಷ ಸುಮ್ಮನೆ ಕೂತಿರಿ. ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತೆ ಆಗುತ್ತಿದೆಯೇ, ತೇಗು ಬಂತೇ, ಮುಂದಿನ ತುತ್ತಿನ ಮೇಲೆ ಆಸೆ ಇಳಿಯಿತೇ ನೋಡಿ. ಈ ಮೂರರಲ್ಲಿ ಒಂದು ಇದ್ದರೂ ಊಟ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಉಳಿದದ್ದನ್ನು ತಿನ್ನಬಹುದು. ಎರಡು ಗಂಟೆಯ ಮೇಲೆ ಮತ್ತೆ ಹಸಿವಾದರೆ ಇನ್ನೊಂದು ಸಣ್ಣ ಊಟ ಮಾಡಿದರಾಯಿತು. ದಿನಕ್ಕೆ ಮೂರು ದೊಡ್ಡ ಊಟದ ಬದಲು ನಾಲ್ಕೈದು ಚಿಕ್ಕವು ಈ ಹೊಟ್ಟೆಗೆ ಹಿತ.

ತಟ್ಟೆ ಅರ್ಧವಾದಾಗ ತಿನ್ನುವ ಕ್ರಮವೂ ಬದಲಾಗಬೇಕು. ನಾವು ಅನ್ನದಿಂದ ಶುರುಮಾಡಿ ಮೊಸರಿನಲ್ಲಿ ಮುಗಿಸುವವರು. ನಡುವೆಯೇ ಹೊಟ್ಟೆ ತುಂಬುವವರಿಗೆ ಬೇಳೆ, ಮೊಸರು, ಮೊಟ್ಟೆ ತಟ್ಟೆಯಲ್ಲೇ ಉಳಿದುಹೋಗುತ್ತವೆ, ಒಳಗೆ ಹೋದದ್ದು ಬರೀ ಅನ್ನ. ತೂಕದ ಜೊತೆ ಸ್ನಾಯುವೂ ಕರಗುವುದು ಹೀಗೆ. ಆದ್ದರಿಂದ ಕಾಳು ಪಲ್ಯ, ಬೇಳೆ, ಮೊಟ್ಟೆ, ಮೀನು ಯಾವುದಿದೆಯೋ ಅದನ್ನು ಮೊದಲು ತಿನ್ನಿ. ಅನ್ನ, ಮುದ್ದೆ, ಚಪಾತಿ ಆಮೇಲೆ.

ಹೊಟ್ಟೆ ತೊಳಸುತ್ತಿರುವ ದಿನ ಅಡುಗೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಹಬೆಯಾಡುವ ಸಾಂಬಾರಿನ, ಸಿಡಿಯುವ ಒಗ್ಗರಣೆಯ ವಾಸನೆಯೇ ವಾಂತಿ ತರಿಸಬಲ್ಲದು. ಆರಿದ ಇಡ್ಲಿ, ಒಗ್ಗರಣೆ ಹಾಕದ ಮೊಸರನ್ನ, ಹೆಸರುಬೇಳೆ ಗಂಜಿ, ತಣ್ಣಗಿನ ಅಂಬಲಿ ಇಂಥ ದಿನ ಸಲೀಸಾಗಿ ಇಳಿಯುತ್ತವೆ. ಅಂದು ಒಲೆಯ ಮುಂದೆ ನಿಲ್ಲುವ ಕೆಲಸವನ್ನು ಮನೆಯವರು ಯಾರಾದರೂ ವಹಿಸಿಕೊಂಡರೆ ಅದು ಔಷಧದಷ್ಟೇ ಉಪಕಾರ. ಚುಚ್ಚುಮದ್ದು ತೆಗೆದುಕೊಳ್ಳುವ ಹೆಂಗಸರು ಬಹುಮಂದಿ ತಮ್ಮ ಊಟ ಬಿಟ್ಟರೂ ಮನೆಯವರ ಅಡುಗೆ ಬಿಡುವಂತಿಲ್ಲ.

ನೀರು

ನನಗೆ ಹೆಚ್ಚು ಕಳವಳ ತರುವುದು ಇದು. ವಾಕರಿಕೆ ಹಿಂಸೆ ಕೊಡುತ್ತದೆ, ಆದರೆ ಆಸ್ಪತ್ರೆಗೆ ಸೇರಿಸುವುದು ನೀರಿನ ಕೊರತೆ. ವಾಂತಿ ಭೇದಿಯಿಂದ ದೇಹ ಒಣಗಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಸಂಗಗಳು ವರದಿಯಾಗಿವೆ. ಈ ಔಷಧಗಳ ಮಾಹಿತಿ ಪತ್ರದಲ್ಲೇ ಆ ಎಚ್ಚರಿಕೆ ಇದೆ.

ಕೊರತೆ ಸದ್ದಿಲ್ಲದೆ ಬರುವುದಕ್ಕೆ ಕಾರಣವಿದೆ. ನಮ್ಮ ಊಟವೇ ನೀರಿನ ಊಟ: ಸಾರು, ಹುಳಿ, ಮಜ್ಜಿಗೆ, ಬೆಂದ ಅನ್ನ. ಊಟ ಅರ್ಧವಾದರೆ ಅದರೊಂದಿಗೆ ಒಳಗೆ ಹೋಗುತ್ತಿದ್ದ ನೀರೂ ಅರ್ಧವಾಗುತ್ತದೆ, ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇದರ ಮೇಲೆ ಈ ಗುಂಪಿನ ಔಷಧಗಳು ಹಸಿವಿನಂತೆ ಬಾಯಾರಿಕೆಯನ್ನೂ ತಗ್ಗಿಸುತ್ತವೆ ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಬಾಯಾರಿದಾಗ ಕುಡಿಯೋಣ ಎಂದು ಕಾದರೆ ಹೊತ್ತು ಮೀರುತ್ತದೆ. ನೀರು ಸಾಲದಿದ್ದರೆ ಮಲ ಗಟ್ಟಿಯಾಗುತ್ತದೆ, ಮಲಬದ್ಧತೆಯಿಂದ ಹೊಟ್ಟೆ ಉಬ್ಬಿ ವಾಕರಿಕೆ ಇನ್ನೂ ಹೆಚ್ಚುತ್ತದೆ, ವಾಕರಿಕೆ ಹೆಚ್ಚಿದಾಗ ನೀರು ಮತ್ತೂ ಕಡಿಮೆಯಾಗುತ್ತದೆ.

ನೀರನ್ನು ಊಟದ ಜೊತೆ ದೊಡ್ಡ ಲೋಟದಲ್ಲಿ ಗಟಗಟ ಕುಡಿಯುವುದು ಇಲ್ಲಿ ಸಲ್ಲದು. ಇರುವ ಚಿಕ್ಕ ಜಾಗವನ್ನು ನೀರೇ ತುಂಬಿಬಿಡುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು, ಅರ್ಧ ಗಂಟೆ ಆಮೇಲೆ ಕುಡಿದು, ಊಟದ ನಡುವೆ ಗುಟುಕಿಗೆ ನಿಲ್ಲಿಸುವುದು ಉತ್ತಮ. ನಮ್ಮ ಶಿಕ್ಷಕಿಗೆ ಶಾಲೆಯ ಗಂಟೆಯೇ ನೆನಪಿನ ಗಂಟೆಯಾಗಬಹುದು. ಒಂದೊಂದು ಪೀರಿಯಡ್ ಮುಗಿದಾಗ ಅರ್ಧ ಲೋಟ, ಅಂದರೆ ಸುಮಾರು 100 ಮಿಲಿ. ಏಳು ಪೀರಿಯಡ್‌ಗೆ 700 ಮಿಲಿ ಆಯಿತು. ಬೆಳಿಗ್ಗೆ ಎದ್ದು ಒಂದು ಲೋಟ, ಸಂಜೆ ಮನೆಗೆ ಬಂದು ನೀರು ಮಜ್ಜಿಗೆ, ರಾತ್ರಿಯೊಳಗೆ ಇನ್ನೆರಡು ಲೋಟ. ಒಂದೂವರೆ ಲೀಟರು ಹೊಟ್ಟೆಗೆ ಭಾರವಾಗದೆ ಒಳಗೆ ಹೋಯಿತು. ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿ ಕಡೆಯ ಬಿಸಿಲಿನಲ್ಲಿ ಇದು ಎರಡು ಲೀಟರು ದಾಟಬೇಕು. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯೇ ಅಂತಿಮ. ಸೋಡಾ, ಕೋಲಾ ಬೇಡ, ಅವುಗಳ ಗಾಳಿ ಹೊಟ್ಟೆಯನ್ನು ಇನ್ನೂ ಉಬ್ಬಿಸುತ್ತದೆ.

ವಾಂತಿಯಾದ ಮೇಲೆ ಕುಡಿಯುವ ಕ್ರಮ ಬೇರೆ. ಹತ್ತು ಹದಿನೈದು ನಿಮಿಷ ಏನೂ ಬೇಡ. ಆಮೇಲೆ ಚಮಚದಲ್ಲಿ, ಐದೈದು ನಿಮಿಷಕ್ಕೆ ಎರಡು ಚಮಚದಂತೆ. ಅರ್ಧ ಗಂಟೆ ನಿಂತರೆ ಗುಟುಕು ದೊಡ್ಡದು ಮಾಡಬಹುದು. ಎರಡಕ್ಕಿಂತ ಹೆಚ್ಚು ಸಲ ವಾಂತಿಯಾಗಿದ್ದರೆ, ಭೇದಿಯೂ ಇದ್ದರೆ ಬರೀ ನೀರು ಸಾಲದು, ಓಆರ್‌ಎಸ್ ಬೇಕು. ಒಂದು ಲೀಟರಿನ ಪುಡಿ ಪೊಟ್ಟಣವನ್ನು ಪೂರ್ತಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಒಟ್ಟಿಗೆ ಹಾಕಿ. ಲೋಟಕ್ಕೊಂದಿಷ್ಟು ಉದುರಿಸಿಕೊಂಡರೆ ಉಪ್ಪಿನ ಹದ ತಪ್ಪುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಬಳಸಕೂಡದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೂ ಆದೇಶಿಸಿತು. ಸಕ್ಕರೆ ಕಾಯಿಲೆಯವರು ಓಆರ್‌ಎಸ್‌ಗೆ ಹೆದರಿ ಬಿಡುವುದುಂಟು. ಅದರಲ್ಲಿರುವ ಸಕ್ಕರೆ ಕರುಳು ಉಪ್ಪು ನೀರನ್ನು ಹೀರಿಕೊಳ್ಳಲು ಬೇಕಾದಷ್ಟೇ. ದೇಹ ಒಣಗಿದಾಗ ಅದನ್ನು ಗುಟುಕಾಗಿ ಕುಡಿದು, ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿಕೊಂಡರೆ ಆಯಿತು.

ಸಾಕಷ್ಟು ನೀರು ಹೋಗುತ್ತಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣಕ್ಕಿಂತ ಸುಲಭದ ಪರೀಕ್ಷೆ ಮನೆಯಲ್ಲಿ ಇಲ್ಲ. ತಿಳಿ ಹಳದಿ ಇದ್ದರೆ ಸರಿ. ಗಾಢವಾದರೆ ಕೊರತೆ. ಎಂಟು ಗಂಟೆ ಮೂತ್ರವೇ ಹೋಗದಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ನಾಲಿಗೆ ಒಣಗಿ ಅಂಟಿದರೆ ಮನೆಯಲ್ಲಿ ಕಾಯಬಾರದು.

ಜೊತೆಗಿರುವ ಮಾತ್ರೆಗಳು

ವಾಕರಿಕೆಯನ್ನೆಲ್ಲ ಚುಚ್ಚುಮದ್ದಿನ ತಲೆಗೆ ಕಟ್ಟುವ ಮೊದಲು ಇತ್ತೀಚೆಗೆ ಶುರುವಾದ ಬೇರೆ ಔಷಧ ಯಾವುದಿದೆ ನೋಡಬೇಕು. ಮೆಟ್‌ಫಾರ್ಮಿನ್ ಹೊಸದಾಗಿ ಶುರುಮಾಡಿದಾಗ, ಡೋಸ್ ಹೆಚ್ಚಿಸಿದಾಗ ಹೊಟ್ಟೆ ತೊಳಸುವುದು, ಭೇದಿಯಾಗುವುದು ಸಾಮಾನ್ಯ. ಸಾಮಾನ್ಯವಾಗಿ 500 ಮಿಲಿಗ್ರಾಂನಿಂದ ಆರಂಭಿಸಿ ವಾರಕ್ಕೊಮ್ಮೆ ಏರಿಸುತ್ತಾರೆ. ಅದನ್ನು ಬರಿ ಹೊಟ್ಟೆಯಲ್ಲಿ ನುಂಗದೆ ಊಟದ ನಡುವೆ ತೆಗೆದುಕೊಂಡರೆ ಬಹಳಷ್ಟು ತಗ್ಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯೂ ಇದೆ, ಅದನ್ನು ಪುಡಿಮಾಡಬಾರದು. ಚುಚ್ಚುಮದ್ದು ಮತ್ತು ಮೆಟ್‌ಫಾರ್ಮಿನ್ ಎರಡರ ಡೋಸನ್ನೂ ಒಂದೇ ವಾರ ಏರಿಸಿದರೆ ಯಾವುದರಿಂದ ಏನಾಯಿತೆಂದು ವೈದ್ಯರಿಗೂ ತಿಳಿಯುವುದಿಲ್ಲ. ಕಬ್ಬಿಣದ ಮಾತ್ರೆ, ಕೆಲವು ಆಂಟಿಬಯಾಟಿಕ್, ನೋವಿನ ಮಾತ್ರೆಗಳೂ ಇದೇ ತೊಂದರೆ ಕೊಡುತ್ತವೆ.

ಇನ್ನು ಕೆಲವು ಮಾತ್ರೆಗಳಲ್ಲಿ ಅಪಾಯ ಬೇರೆ ಬಗೆಯದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹಳೆಯ ಡೋಸ್‌ನಲ್ಲೇ ಇದ್ದು ಊಟ ಅರ್ಧವಾದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ವಾಕರಿಕೆ ಬರುತ್ತದೆ, ಜನ ಅದನ್ನು ಚುಚ್ಚುಮದ್ದಿನ ತೊಳಸು ಎಂದುಕೊಂಡು ಊಟ ಬಿಡುತ್ತಾರೆ. ಅದು ಪ್ರಾಣಕ್ಕೆ ಬರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆ ಜೊತೆ ನೀರನ್ನೂ ಹೊರಹಾಕುತ್ತವೆ. ವಾಂತಿಯಾಗುತ್ತಿರುವಾಗ, ಉಣ್ಣದೆ ಇರುವಾಗ ಅವನ್ನು ಮುಂದುವರಿಸಿದರೆ ರಕ್ತದಲ್ಲಿ ಕೀಟೋನ್ ಏರಬಹುದು, ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಿದ್ದರೂ. ಅದರ ಮೊದಲ ಲಕ್ಷಣವೂ ವಾಕರಿಕೆಯೇ. ನಮ್ಮ ಶಿಕ್ಷಕಿಯಂತೆ ದೇಹ ಒಣಗಿರುವಾಗ ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಬಗೆಯದು, ತಲೆಸುತ್ತು ತರುತ್ತದೆ. ವಾಂತಿ ಭೇದಿಯ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನಿಲ್ಲಿಸಬಾರದು ಎಂಬ ಪಟ್ಟಿಯನ್ನು ವೈದ್ಯರಿಂದ ಮೊದಲ ಡೋಸ್‌ಗೂ ಮುಂಚೆಯೇ ಬರೆಸಿಟ್ಟುಕೊಳ್ಳಿ.

ವಾಂತಿ ನಿಲ್ಲಿಸುವ ಮಾತ್ರೆಯನ್ನು ಸ್ವಂತಕ್ಕೆ ತಂದುಕೊಳ್ಳುವುದು ನಮ್ಮಲ್ಲಿ ರೂಢಿ. ಒಂಡಾನ್ಸೆಟ್ರಾನ್ ವಾಂತಿ ತಡೆಯುತ್ತದೆ, ಆದರೆ ಮಲಬದ್ಧತೆ ಹೆಚ್ಚಿಸುತ್ತದೆ. ‘ಗ್ಯಾಸ್ ಮಾತ್ರೆ’ ಎಂದು ತೆಗೆದುಕೊಳ್ಳುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೋಂಪೆರಿಡೋನ್ ಇರುತ್ತದೆ. ಎರಡೂ ಕೆಲವರ ಹೃದಯ ಬಡಿತದ ಲಯ ಕೆಡಿಸಬಲ್ಲವು. ನಾಲ್ಕು ದಿನಕ್ಕೆ ವೈದ್ಯರು ಬರೆದುಕೊಟ್ಟರೆ ಸರಿ, ತಿಂಗಳುಗಟ್ಟಲೆ ಅದನ್ನು ನುಂಗಿ ಮೇಲಿನ ಡೋಸ್‌ಗೆ ಏರುವುದು ಸರಿಯಲ್ಲ. ಮಾತ್ರೆಯಿಲ್ಲದೆ ತಡೆಯಲಾಗದ ಡೋಸ್ ನಿಮಗೆ ಹೆಚ್ಚಾದ ಡೋಸ್ ಎಂದೇ ಅರ್ಥ. ಇದ್ದ ಮೆಟ್ಟಿಲಿನಲ್ಲೇ ಇನ್ನೊಂದು ತಿಂಗಳು ನಿಲ್ಲಬಹುದು, ಒಂದು ಮೆಟ್ಟಿಲು ಇಳಿಯಲೂಬಹುದು. 5 ಮಿಲಿಗ್ರಾಂನಲ್ಲೇ ತೂಕ ಚೆನ್ನಾಗಿ ಇಳಿದು ಅಲ್ಲೇ ಉಳಿದವರಿದ್ದಾರೆ.

ಕೆಲವು ನೋವುಗಳನ್ನು ಊಟದಿಂದ ಸರಿಪಡಿಸಲು ಹೋಗಬಾರದು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ, ಬಿಡದೆ ಇರುವ ತೀವ್ರ ನೋವು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಬಲಪಕ್ಕೆಯ ಕೆಳಗಿನ ನೋವು, ಜ್ವರ, ಕಣ್ಣು ಹಳದಿಯಾಗುವುದು ಪಿತ್ತಕೋಶದ ಕಲ್ಲಿನ ಸೂಚನೆ. ತೂಕ ಬೇಗ ಇಳಿಯುವವರಲ್ಲಿ ಕಲ್ಲು ಹೆಚ್ಚು. ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ಹೋಗದೆ ವಾಂತಿಯಾಗುತ್ತಿದ್ದರೆ ಕರುಳಿನ ತಡೆ. ಎದೆ ಬಿಗಿತ, ತಣ್ಣನೆ ಬೆವರಿನ ಜೊತೆ ಬರುವ ವಾಕರಿಕೆ ಹೃದಯಾಘಾತವಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಎದ್ದುಕಾಣದಿರುವುದೂ ಉಂಟು. ಇಂಥವಕ್ಕೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಮುಟ್ಟು ತಪ್ಪಿದ ಹೆಂಗಸರು ಗರ್ಭಧಾರಣೆಯ ಪರೀಕ್ಷೆಯನ್ನೂ ಮಾಡಿಕೊಳ್ಳಬೇಕು. ತೂಕ ಇಳಿದಾಗ ಪಿಸಿಒಡಿ ಇರುವವರಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಟಿರ್ಜೆಪಟೈಡ್ ಶುರುಮಾಡಿದ ಮೇಲೆ ಮತ್ತು ಪ್ರತಿ ಡೋಸ್ ಏರಿಕೆಯ ಮೇಲೆ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯನ್ನೊಂದೇ ನಂಬುವಂತಿಲ್ಲ, ಕಾಂಡೋಮ್‌ನಂಥದ್ದು ಜೊತೆಗಿರಬೇಕು. ಶಸ್ತ್ರಚಿಕಿತ್ಸೆ ಅಥವಾ ಎಂಡೋಸ್ಕೋಪಿ ಇದ್ದರೆ ಚುಚ್ಚುಮದ್ದಿನ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಮಂಪರಿನಲ್ಲಿ ಅದು ಶ್ವಾಸಕೋಶ ಸೇರಿದರೆ ಅಪಾಯ.

ತುಮಕೂರಿನ ಮನೆಗೆ ಮರಳಿದರೆ, ಅಲ್ಲಿ ಆಗಬೇಕಾದ ಬದಲಾವಣೆ ದೊಡ್ಡದಲ್ಲ. ಚುಚ್ಚುಮದ್ದನ್ನು ಶನಿವಾರದಿಂದ ಸೋಮವಾರಕ್ಕೆ ಹಾಕಿದರೆ ಭಾನುವಾರದ ಊಟ, ಸಮಾರಂಭಗಳು ಔಷಧ ಏರುವ ದಿನಗಳಿಂದ ದೂರ ಉಳಿಯುತ್ತವೆ. ದಿನ ಬದಲಿಸುವಾಗ ಎರಡು ಡೋಸ್‌ಗಳ ನಡುವೆ ಮೂರು ದಿನವಾದರೂ ಅಂತರ ಬೇಕು. ಬೆಳಿಗ್ಗೆ ನಾಲ್ಕು ಇಡ್ಲಿಯ ಬದಲು ಎರಡು, ಹತ್ತೂವರೆಗೆ ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಮೊಸರು, ಮಧ್ಯಾಹ್ನ ತಿಂಡಿ ತಟ್ಟೆಯಲ್ಲಿ ಕಾಳು ಪಲ್ಯ ಮತ್ತು ಒಂದು ಚಪಾತಿ, ರಾತ್ರಿಯ ಗಂಜಿ ಏಳೂವರೆಗೆ. ಮಲಗುವುದಕ್ಕೂ ಊಟಕ್ಕೂ ನಡುವೆ ಎರಡೂವರೆ ಗಂಟೆ. ಮೂರನೆಯ ವಾರದ ಹೊತ್ತಿಗೆ ತೊಳಸು ಚುಚ್ಚಿದ ಮಾರನೆಯ ಬೆಳಿಗ್ಗೆಗೆ ಸೀಮಿತವಾದರೆ ದಾರಿ ಸರಿ ಇದೆ ಎಂದು ತಿಳಿಯಬಹುದು. ಹಾಗಾಗದೆ ವಾರವಿಡೀ ಉಳಿದರೆ ಡೋಸ್ ಬಗ್ಗೆ ಮಾತಾಡಬೇಕು.

ಈ ಚುಚ್ಚುಮದ್ದು ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿ ಅಥವಾ ನೆಂಟರಲ್ಲಿ ಇದ್ದರೆ ಒಂದು ಕೋರಿಕೆ. ಅವರು ‘ಸಾಕು’ ಎಂದಾಗ ಮತ್ತೆ ಬಡಿಸಬೇಡಿ.